ಡ್ರಮ್, ಬ್ಯಾರಲ್, ಬೊಂಡ: ಒಂದು ಪ್ರಚಾರದ ಸ್ಕ್ರಿಪ್ಟು ನಾಲ್ಕು ಊರುಗಳಿಗೆ ಹೋದಾಗ

2019ರ ಸೆಪ್ಟೆಂಬರ್‌ನಲ್ಲಿ ದೆಹಲಿ ಸರ್ಕಾರ ‘ದಸ್ ಹಫ್ತೆ, ದಸ್ ಬಜೆ, ದಸ್ ಮಿನಟ್’ ಎಂಬ ಡೆಂಗ್ಯೂ ತಡೆ ಪ್ರಚಾರವನ್ನು ಆರಂಭಿಸಿತು. ಹತ್ತು ವಾರಗಳ ಕಾಲ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಹತ್ತು ನಿಮಿಷ ಬಿಡುವು ಮಾಡಿಕೊಂಡು ಮನೆಯಲ್ಲಿ ನಿಂತ ನೀರನ್ನು ಹುಡುಕಿ ಚೆಲ್ಲಿರಿ ಎಂಬುದು ಅದರ ಸಾರ. ಕನ್ನಡಕ್ಕೆ ತರುವುದು ಬಹಳ ಸುಲಭ: ‘ಹತ್ತು ವಾರ, ಹತ್ತು ಗಂಟೆ, ಹತ್ತು ನಿಮಿಷ’. ಲಯವೂ ಕೆಡುವುದಿಲ್ಲ, ಅರ್ಥವೂ ಕೆಡುವುದಿಲ್ಲ.

ಆದರೆ ಇದನ್ನು ಇದ್ದ ಹಾಗೆಯೇ ದಕ್ಷಿಣದ ಊರುಗಳಿಗೆ ಒಯ್ದರೆ ಏನಾಗುತ್ತದೆ ನೋಡಿ. ಸೆಪ್ಟೆಂಬರ್ ಒಂದರಿಂದ ಹತ್ತು ವಾರ ಎಣಿಸಿದರೆ ನವೆಂಬರ್ ನಡುಭಾಗದ ಹೊತ್ತಿಗೆ ಪ್ರಚಾರ ಮುಗಿಯುತ್ತದೆ. ದೆಹಲಿಯಲ್ಲಿ ಅಷ್ಟರಲ್ಲಿ ಚಳಿ ಬಂದು ಸೊಳ್ಳೆಯ ಹಾವಳಿ ಇಳಿಯುತ್ತದೆ. ಚೆನ್ನೈನಲ್ಲಿ ಹಿಂಗಾರು ಮಳೆ ಜೋರಾಗಿ ಸುರಿಯುವುದೇ ಆಗ. ಮಂಗಳೂರಿಗಂತೂ ಪ್ರಚಾರ ಮೂರು ತಿಂಗಳು ತಡವಾಗಿ ಬಂದಂತಾಗುತ್ತದೆ, ಏಕೆಂದರೆ ಅಲ್ಲಿ ಮಳೆ ಹಿಡಿಯುವುದು ಜೂನ್‌ನಲ್ಲಿ. ಹುಬ್ಬಳ್ಳಿಯ ಹಲವು ಬಡಾವಣೆಗಳಲ್ಲಿ ಭಾನುವಾರ ಹತ್ತು ಗಂಟೆಗೆ ನೀರು ಚೆಲ್ಲಿ ಎಂದರೆ, ಮುಂದಿನ ನೀರು ಯಾವಾಗ ಬರುತ್ತದೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಅನುವಾದದಲ್ಲಿ ಒಂದು ತಪ್ಪೂ ಇಲ್ಲ. ಆದರೂ ಮೂರೂ ಊರುಗಳಲ್ಲಿ ಆ ಮಾತು ಕೆಲಸ ಮಾಡುವುದಿಲ್ಲ.

ರೇಡಿಯೊ ಜಾಹೀರಾತುಗಳ ಸ್ಕ್ರಿಪ್ಟು ಬರೆಯುವ ನಮ್ಮಲ್ಲಿ ಊರಿಗೆ ಹೊಂದಿಸುವುದು ಎಂದರೆ ಮೂರು ಬದಲಾವಣೆ ಎಂಬ ರೂಢಿ ಬೆಳೆದುಬಿಟ್ಟಿದೆ. ಭಾಷೆ ಬದಲಿಸು, ಸರ್ಕಲ್‌ನ ಹೆಸರು ಬದಲಿಸು, ಮಾತಿನ ಧಾಟಿ ಬದಲಿಸು. ಈ ಅನುಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ನೋಡಬೇಕಾದದ್ದು ಜನರ ರೂಢಿ. ಅದು ಬದಲಾದರೆ ಹೇಳಬೇಕಾದ ಕೆಲಸವೇ ಬದಲಾಗುತ್ತದೆ. ಭಾಷೆ ಆಮೇಲೆ. ಸರ್ಕಲ್‌ನ ಹೆಸರು ಎಲ್ಲಕ್ಕಿಂತ ಕೊನೆಗೆ, ಬೇಕೆನಿಸಿದರೆ ಮಾತ್ರ. ಇದನ್ನು ತೋರಿಸಲು ಡೆಂಗ್ಯೂ ಕುರಿತ ಮೂವತ್ತು ಸೆಕೆಂಡಿನ ಒಂದು ಸ್ಪಾಟನ್ನು ಇಲ್ಲಿ ಉದಾಹರಣೆಗಾಗಿ ನಾನೇ ಬರೆದು, ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರು, ಚೆನ್ನೈಗೆ ಕೊಂಡೊಯ್ಯುತ್ತೇನೆ.

ಸ್ಕ್ರಿಪ್ಟಿಗೆ ಮೊದಲು ಸೊಳ್ಳೆಯ ವಿಷಯ ತಿಳಿದಿರಬೇಕು, ಏಕೆಂದರೆ ಯಾವ ಊರಿಗೆ ಹೋದರೂ ಬದಲಾಗದ ಭಾಗ ಅದೊಂದೇ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯೊಳಗೆ, ಮನೆಯ ಸುತ್ತ ನಿಂತಿರುವ ತಿಳಿ ನೀರನ್ನೇ ಆರಿಸಿಕೊಳ್ಳುತ್ತದೆ. ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆಯನ್ನು ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಅಂಟಿಸುತ್ತದೆ. ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರೂ ಗೋಡೆಗಂಟಿದ ಮೊಟ್ಟೆ ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಆದ್ದರಿಂದಲೇ ಚೆಲ್ಲಿದರೆ ಸಾಲದು, ಉಜ್ಜಬೇಕು. ಈ ‘ಉಜ್ಜಿ’ ಎಂಬ ಪದ ಯಾವ ಆವೃತ್ತಿಯಲ್ಲೂ ಬಿದ್ದುಹೋಗಬಾರದು. ಸಮಯ ಸಾಲದಾಗ ಮೊದಲು ಕತ್ತರಿಗೆ ಸಿಗುವುದೂ ಅದೇ ಪದ, ಏಕೆಂದರೆ ‘ಚೆಲ್ಲಿ’ ಎಂದ ಮೇಲೆ ಅದು ಹೆಚ್ಚುವರಿ ಮಾತಿನಂತೆ ಕಾಣುತ್ತದೆ.

ಬೆಂಗಳೂರಿಗಾಗಿ ಬರೆದ ಮೂಲ, ಅಂದರೆ ಮಾಸ್ಟರ್ ಸ್ಕ್ರಿಪ್ಟು ಹೀಗಿದೆ ಎಂದುಕೊಳ್ಳೋಣ:

(ಡ್ರಮ್ಮಿಗೆ ನೀರು ಬೀಳುವ ಸದ್ದು)
ಅಜ್ಜಿ: ಭಾನುವಾರ ಬಂತು, ಡ್ರಮ್ ಬೋರಲು ಹಾಕಿದೆಯಾ?
ಮೊಮ್ಮಗ: ಮೊನ್ನೆ ತಾನೇ ತುಂಬಿಸಿದ ನೀರು ಅಜ್ಜಿ, ಕನ್ನಡಿಯ ಹಾಗಿದೆ!
ಅಜ್ಜಿ: ಆ ಸೊಳ್ಳೆಗೆ ಬೇಕಾಗಿರುವುದೂ ಅಂಥ ನೀರೇ.
(ಬ್ರಷ್ಷಿನಿಂದ ಉಜ್ಜುವ ಸದ್ದು)
ನಿರೂಪಕ: ಡೆಂಗ್ಯೂ ಸೊಳ್ಳೆ ಹುಟ್ಟುವುದು ಶುದ್ಧ ನೀರಿನಲ್ಲಿ. ವಾರಕ್ಕೊಮ್ಮೆ ನೀರು ಚೆಲ್ಲಿ, ಡ್ರಮ್ಮಿನ ಒಳಗೋಡೆಯನ್ನು ಉಜ್ಜಿ, ಒಣಗಿಸಿ. ಜ್ವರ ಬಂದರೆ ಒಂದು ಸೊನ್ನೆ ನಾಲ್ಕಕ್ಕೆ ಕರೆ ಮಾಡಿ.

ಮಾತಿನ ಭಾಗ ಸುಮಾರು ನೂರು ಅಕ್ಷರ. ಕನ್ನಡದಲ್ಲಿ ಪದಗಳನ್ನು ಎಣಿಸಿ ಸಮಯ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ‘ನೀರು’ ಒಂದು ಪದ, ‘ತುಂಬಿಸಿಟ್ಟುಕೊಂಡಿರುವುದರಿಂದ’ ಕೂಡ ಒಂದು ಪದ. ಅಕ್ಷರ ಎಣಿಸುವುದು ವಾಸಿ. ಅವಸರವಿಲ್ಲದೆ ಓದಿದರೆ ಒಂದು ಸೆಕೆಂಡಿಗೆ ಐದಾರು ಅಕ್ಷರ ಸಾಗುತ್ತದೆ. ಅಲ್ಲಿಗೆ ಮಾತಿಗೆ ಹದಿನೆಂಟು ಇಪ್ಪತ್ತು ಸೆಕೆಂಡು, ಸದ್ದು ಮತ್ತು ಉಸಿರಿಗೆ ಏಳೆಂಟು ಸೆಕೆಂಡು. ಉಳಿಯುವ ಎರಡರಿಂದ ಐದು ಸೆಕೆಂಡನ್ನು ಬರಹಗಾರ ತುಂಬಬಾರದು. ಬೇರೆ ಭಾಷೆಗೆ ಹೋದಾಗ ವಾಕ್ಯ ಉದ್ದವಾಗುವುದು ಸಾಮಾನ್ಯ, ಮತ್ತು ಎಫ್‌ಎಂ ಕೇಂದ್ರಗಳು ಹಣ ಕಟ್ಟಿಸಿಕೊಳ್ಳುವುದು ಹತ್ತು ಸೆಕೆಂಡಿನ ಲೆಕ್ಕದಲ್ಲಿ. ಮೂಲವೇ ಇಪ್ಪತ್ತೊಂಬತ್ತೂವರೆ ಸೆಕೆಂಡಿದ್ದರೆ, ಇನ್ನೊಂದು ಭಾಷೆಯ ಕಂಠದಾನ ಕಲಾವಿದರು ಕೊನೆಯ ಸಾಲನ್ನು ಓಡಿಸಿ ಓದುತ್ತಾರೆ. ಸಹಾಯವಾಣಿಯ ಸಂಖ್ಯೆ ಇರುವುದೇ ಆ ಕೊನೆಯ ಸಾಲಿನಲ್ಲಿ.

ಈ ಮೂಲದಲ್ಲಿ ಒಂದು ದೋಷವನ್ನು ಬೇಕೆಂದೇ ಉಳಿಸಿದ್ದೇನೆ. ‘ಶುದ್ಧ ನೀರು’ ಎಂಬ ಮಾತು. ಕರ್ನಾಟಕದ ಊರೂರಿನಲ್ಲಿ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಫಲಕವಿದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುವವರಿಗೆ ಶುದ್ಧ ನೀರು ಎಂದರೆ ಅದೇ. ಸ್ಪಾಟು ಕೇಳಿ, ಆ ಕ್ಯಾನಿನ ನೀರಿನಲ್ಲಿ ಸೊಳ್ಳೆ ಇದೆ ಎಂದು ಅರ್ಥ ಮಾಡಿಕೊಂಡರೆ ಅವರ ತಪ್ಪಲ್ಲ. ‘ತಿಳಿ ನೀರು’ ಎಂದರೆ ನೋಟಕ್ಕೆ ಸ್ವಚ್ಛವಾಗಿ ಕಾಣುವ ನೀರು ಎಂದಷ್ಟೇ ಆಗುತ್ತದೆ. ಇಂಥ ತೊಡಕು ಮೂಲದಲ್ಲೇ ಉಳಿದರೆ ನಾಲ್ಕೂ ಆವೃತ್ತಿಗೆ ಹರಡುತ್ತದೆ. ಆದ್ದರಿಂದ ಊರುಗಳಿಗೆ ಕಳುಹಿಸುವ ಮುನ್ನ ಮೂಲದ ಪ್ರತಿಯೊಂದು ನಾಮಪದದ ಮೇಲೂ ಬೆರಳಿಟ್ಟು, ಇದು ಕೇಳುವವರ ಮನಸ್ಸಿನಲ್ಲಿ ಯಾವ ವಸ್ತುವನ್ನು ತರುತ್ತದೆ ಎಂದು ಕೇಳಿಕೊಳ್ಳಬೇಕು.

ಈಗ ಹುಬ್ಬಳ್ಳಿ. ಅದೂ ಕನ್ನಡದ ಊರೇ ಆದ್ದರಿಂದ ಧಾಟಿಯೊಂದನ್ನು ಬದಲಿಸಿದರೆ ಸಾಕು ಎಂದು ಬೆಂಗಳೂರಿನ ಕಚೇರಿಗಳಲ್ಲಿ ಭಾವಿಸುತ್ತಾರೆ. ನನ್ನ ಮಟ್ಟಿಗೆ ನಾಲ್ಕರಲ್ಲಿ ಅತಿ ಕಷ್ಟದ ಆವೃತ್ತಿ ಇದೇ, ಏಕೆಂದರೆ ಭಾಷೆ ಒಂದೇ ಎಂಬ ಕಾರಣಕ್ಕೆ ಎಲ್ಲರೂ ಎಚ್ಚರ ತಪ್ಪುತ್ತಾರೆ. ಅವಳಿ ನಗರಕ್ಕೆ ಮಲಪ್ರಭೆಯಿಂದಲೂ ನೀರಸಾಗರದಿಂದಲೂ ನೀರು ಬರುತ್ತದೆ. ಆದರೆ ಬಹಳಷ್ಟು ಬಡಾವಣೆಗಳಲ್ಲಿ ಎರಡು ಸರಬರಾಜಿನ ನಡುವೆ ಹಲವು ದಿನಗಳ ಅಂತರವಿರುವುದು ವರ್ಷಗಳಿಂದ ಜನರ ಅನುಭವ. ಅಲ್ಲಿ ನೀರು ತುಂಬಿಡುವುದು ಅನಿವಾರ್ಯ. ‘ವಾರಕ್ಕೊಮ್ಮೆ ಚೆಲ್ಲಿ’ ಎಂಬ ಸಾಲು ಅವರ ಕಿವಿಗೆ ಆರೋಗ್ಯದ ಸಲಹೆಯಾಗಿ ಕೇಳುವುದಿಲ್ಲ, ತಮ್ಮ ಕಷ್ಟ ಗೊತ್ತಿಲ್ಲದವರ ಮಾತಾಗಿ ಕೇಳುತ್ತದೆ. ಒಮ್ಮೆ ಹಾಗೆ ಕೇಳಿಸಿದರೆ ಸ್ಪಾಟಿನ ಉಳಿದ ಮಾತೆಲ್ಲ ವ್ಯರ್ಥ.

ಹಾಗಾದರೆ ಏನು ಹೇಳಬೇಕು? ಸೊಳ್ಳೆಯ ವಿಷಯಕ್ಕೆ ಮರಳಿದರೆ ಉತ್ತರ ಸಿಗುತ್ತದೆ. ಮೊಟ್ಟೆ ಇರುವುದು ಗೋಡೆಯಲ್ಲಿ. ಆದ್ದರಿಂದ ಉಜ್ಜಲು ಸರಿಯಾದ ಹೊತ್ತು ಪಾತ್ರೆ ತಾನಾಗಿಯೇ ಬರಿದಾದ ಹೊತ್ತು, ಅಂದರೆ ನೀರು ಬರುವ ದಿನದ ಮುನ್ನ. ತುಂಬಿದ ಮೇಲೆ ಸೊಳ್ಳೆ ಒಳಗೆ ಹೋಗದಂತೆ ಬಟ್ಟೆ ಕಟ್ಟಬೇಕು. ಆ ಬಟ್ಟೆ ಜೋತುಬಿದ್ದು ನೀರಿಗೆ ತಾಗಬಾರದು, ಅಂಚಿನಲ್ಲಿ ಸಂದಿಯೂ ಉಳಿಯಬಾರದು. ಒಂದು ಹನಿಯನ್ನೂ ಚೆಲ್ಲದೆ ಅದೇ ಉದ್ದೇಶ ಈಡೇರುತ್ತದೆ:

(ಖಾಲಿ ಕೊಡಗಳ ಸದ್ದು)
ಮೊಮ್ಮಗಳು: ಆಯಿ, ನಾಳೆ ನಳ ಬರುವ ದಿನ. ಬ್ಯಾರಲ್ ತಳ ಕಂಡಿದೆ.
ಆಯಿ: ಹಾಗಾದರೆ ಈಗಲೇ ಉಜ್ಜಿಬಿಡು. ತುಂಬಿದ ಮೇಲೆ ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ?
ನಿರೂಪಕ: ಡೆಂಗ್ಯೂ ಸೊಳ್ಳೆಯ ಮೊಟ್ಟೆ ಬ್ಯಾರಲ್ಲಿನ ಒಳಗೋಡೆಗೆ ಅಂಟಿರುತ್ತದೆ. ನಳ ಬರುವ ಮೊದಲು ಉಜ್ಜಿ. ತುಂಬಿದೊಡನೆ ಬಟ್ಟೆ ಬಿಗಿದು ಕಟ್ಟಿ.

ಭಾನುವಾರ ಹೋಯಿತು, ‘ನಳ ಬರುವ ದಿನ’ ಬಂತು. ವಾರದ ದಿನಕ್ಕಿಂತ ಆ ದಿನವೇ ಅಲ್ಲಿನ ಮನೆಗಳ ಪಂಚಾಂಗ. ಬೆಂಗಳೂರಿನ ‘ನಲ್ಲಿ’ ಇಲ್ಲಿ ‘ನಳ’, ‘ಡ್ರಮ್’ ಇಲ್ಲಿ ‘ಬ್ಯಾರಲ್’, ಅಜ್ಜಿ ‘ಆಯಿ’. ಗಮನಿಸಿ, ಕ್ರಿಯಾಪದಗಳನ್ನು ನಾನು ಮುಟ್ಟಿಲ್ಲ. ಆ ಸೀಮೆಯ ಆಡುಮಾತನ್ನು ಬೆಂಗಳೂರಿನಲ್ಲಿ ಕುಳಿತು ಬರೆದರೆ ಅದು ಸಿನಿಮಾದ ಹಾಸ್ಯಪಾತ್ರದ ಮಾತಾಗುತ್ತದೆ. ಹೇಳಬೇಕಾದ ವಿಷಯವನ್ನು ಹೀಗೆ ಗ್ರಂಥಸ್ಥ ಕನ್ನಡದಲ್ಲಿ ಕೊಟ್ಟು, ಹುಬ್ಬಳ್ಳಿಯವರೇ ಆದ ಕಲಾವಿದೆ ತಮ್ಮ ಬಾಯಿಗೆ ಬಂದಂತೆ ಹೇಳಲಿ ಎಂದು ಬಿಡುವುದೇ ಸರಿಯಾದ ದಾರಿ. ಪದಗಳ ಪಟ್ಟಿಯನ್ನೂ ಅವರಿಂದಲೇ ಒಪ್ಪಿಸಿಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ‘ಚೆಲ್ಲಿ’ ಎಂಬುದು ‘ಬಟ್ಟೆ ಕಟ್ಟಿ’ ಎಂದಾದಾಗ ಬದಲಾದದ್ದು ಭಾಷೆಯಲ್ಲ, ಆರೋಗ್ಯದ ಸೂಚನೆ. ಅದನ್ನು ಬರಹಗಾರ ತನ್ನಷ್ಟಕ್ಕೆ ತೀರ್ಮಾನಿಸುವಂತಿಲ್ಲ, ಆ ಜಿಲ್ಲೆಯ ಆರೋಗ್ಯಾಧಿಕಾರಿ ಒಪ್ಪಬೇಕು. ಹಾಗಾಗಿ ನಾನು ಪ್ರತಿ ಆವೃತ್ತಿಯ ಜೊತೆಗೆ ಒಂದು ಹಾಳೆ ಇಡುತ್ತೇನೆ. ಎಡಕ್ಕೆ ಮೂಲದ ಸಾಲು, ಬಲಕ್ಕೆ ಹೊಸ ಸಾಲು, ಅದರ ಮುಂದೆ ‘ಮಾತು ಬದಲು’ ಅಥವಾ ‘ಕೆಲಸ ಬದಲು’ ಎಂಬ ಗುರುತು. ಎರಡನೆಯ ಗುರುತು ಇರುವ ಸಾಲುಗಳು ಮಾತ್ರ ವೈದ್ಯರ ಮೇಜಿಗೆ ಹೋಗುತ್ತವೆ. ಎಲ್ಲವನ್ನೂ ಕಳುಹಿಸಿದರೆ ಅವರು ಪದಗಳನ್ನು ತಿದ್ದಲು ತೊಡಗುತ್ತಾರೆ, ನೋಡಬೇಕಾದ ಸಾಲು ಕಣ್ತಪ್ಪುತ್ತದೆ.

ಹುಬ್ಬಳ್ಳಿಯೆಲ್ಲವೂ ಒಂದೇ ರೀತಿ ಎಂದೂ ಅಲ್ಲ. 2008ರ ಸುಮಾರಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಕೊಡುವ ವ್ಯವಸ್ಥೆ ಬಂತು. ಅಲ್ಲಿನ ಮನೆಗಳಿಗೆ ಬ್ಯಾರಲ್ಲಿನ ಮಾತು ಅಷ್ಟಾಗಿ ತಟ್ಟುವುದಿಲ್ಲ. ರೇಡಿಯೊದಲ್ಲಿ ವಾರ್ಡಿಗೊಂದು ಸ್ಪಾಟು ಹಾಕಲಾಗದು, ಹೆಚ್ಚು ಮಂದಿಯ ರೂಢಿಯನ್ನು ಆರಿಸಿಕೊಳ್ಳಬೇಕು. ಉಳಿದವರಿಗೆ ಕರಪತ್ರವೋ ಆಶಾ ಕಾರ್ಯಕರ್ತೆಯರ ಭೇಟಿಯೋ ಬೇಕು.

ಮಂಗಳೂರಿಗೆ ಬಂದರೆ ಡ್ರಮ್ಮೇ ಹಿನ್ನೆಲೆಗೆ ಸರಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ನಷ್ಟು ಮಳೆ ಸುರಿಯುವ ಊರದು. ಸೊಳ್ಳೆ ಹುಟ್ಟುವ ನೀರು ಅಲ್ಲಿ ಬಹಳಮಟ್ಟಿಗೆ ಹೊರಗೆ ನಿಂತ ಮಳೆನೀರು: ಅಲ್ಲಿ ಬೊಂಡ ಎನ್ನುವ ಎಳನೀರನ್ನು ಕುಡಿದು ಎಸೆದ ಚಿಪ್ಪು, ತಾರಸಿಗೆ ಹಾಸಿದ ಟಾರ್ಪಾಲಿನ ಮಡಿಕೆ, ಕಟ್ಟುತ್ತಿರುವ ವಸತಿ ಸಮುಚ್ಚಯದ ನೆಲಮಾಳಿಗೆ, ಊರಾಚೆಗೆ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಬಟ್ಟಲು. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗ್ಯೂ ಜೋರಾಗಿ ಹಬ್ಬಿದ್ದನ್ನು ಅಲ್ಲಿನವರು ಮರೆತಿಲ್ಲ. ಪಾತ್ರೆ ಬದಲಾದಾಗ ಕೆಲಸ ಮಾಡಬೇಕಾದ ಕೈಯೂ ಬದಲಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಂಗಳೂರಿನಲ್ಲಿ ಅಜ್ಜಿ ಮೊಮ್ಮಗನಿಗೆ ಹೇಳಿದರೆ ಕೆಲಸ ನಡೆಯುತ್ತದೆ. ಇಲ್ಲಿ ಮನೆಯೊಳಗಿನ ಸಂಭಾಷಣೆಯಿಂದ ಪ್ರಯೋಜನವಿಲ್ಲ, ಬೊಂಡ ಮಾರುವವರೂ ಕಟ್ಟಡದ ಮೇಸ್ತ್ರಿಯೂ ಮಾತನಾಡಬೇಕು. ಮೊದಲ ಸದ್ದು ನೀರಿನದಲ್ಲ, ಬೊಂಡ ಕೊಚ್ಚುವ ಕತ್ತಿಯದು. ಗಿರಾಕಿ ಕುಡಿದು ಚಿಪ್ಪನ್ನು ಎಸೆಯಲು ಹೋಗುತ್ತಾನೆ. ‘ಅಣ್ಣ, ಅಲ್ಲಿ ಬೇಡ, ಈ ಗೋಣಿಗೆ ಹಾಕಿ. ಮಳೆಗೆ ಬಿಟ್ಟರೆ ವಾರದಲ್ಲಿ ಅದೇ ಸೊಳ್ಳೆಯ ಮನೆ’ ಎನ್ನುತ್ತಾರೆ ಮಾರುವವರು. ಪ್ರಸಾರವೂ ಜೂನ್‌ಗೆ ಮೊದಲೇ, ಮೇ ಕೊನೆಯ ವಾರದಲ್ಲಿ ಶುರುವಾಗಬೇಕು.

‘ಎಳನೀರು’ ಎಂದು ಬರೆದಿದ್ದರೆ ಮಂಗಳೂರಿನವರಿಗೆ ಅರ್ಥವಾಗುತ್ತಿರಲಿಲ್ಲವೇ? ಖಂಡಿತ ಆಗುತ್ತಿತ್ತು. ಆದರೆ ಬೊಂಡ ಮಾರುವವರ ಬಾಯಲ್ಲಿ ಆ ಪದ ಬಂದ ಕೂಡಲೇ ಅವರು ಹೊರಗಿನವರಾಗಿಬಿಡುತ್ತಾರೆ. ಅಲ್ಲಿನ ಹಲವು ಮನೆಗಳಲ್ಲಿ ಸೊಳ್ಳೆ ‘ನುಸಿ’ಯಾದರೆ, ತುಳುವಿನಲ್ಲಿ ‘ಉಮಿಲ್’. ತುಳುವಿನಲ್ಲೇ ಒಂದು ಆವೃತ್ತಿ ಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು. ಕನ್ನಡ ಅರ್ಥವಾಗುವುದಿಲ್ಲ ಎಂಬುದು ಕಾರಣವಲ್ಲ. ಬೀದಿಬದಿಯ ವ್ಯಾಪಾರದಲ್ಲಿ, ಕೆಲಸದ ಜಾಗದಲ್ಲಿ ಇಬ್ಬರ ನಡುವೆ ಅಂಥ ಮಾತು ನಡೆಯುವುದು ಬಹುತೇಕ ತುಳುವಿನಲ್ಲಿ. ದೃಶ್ಯ ಯಾವ ಭಾಷೆಯಲ್ಲಿ ನಡೆಯುತ್ತದೋ ಆ ಭಾಷೆಯಲ್ಲಿ ಕೇಳಿದಾಗಲೇ ಅದು ನಿಜವೆನಿಸುತ್ತದೆ.

ಚೆನ್ನೈ ಆವೃತ್ತಿಯಲ್ಲಿ ಡ್ರಮ್ ಮರಳಿ ಬರುತ್ತದೆ, ಲಾರಿ ನೀರು ಮತ್ತು ಸಾಲಾಗಿಟ್ಟ ಪ್ಲಾಸ್ಟಿಕ್ ಕೊಡಗಳ ಜೊತೆಗೆ. ಪ್ರಸಾರ ಅಕ್ಟೋಬರ್‌ನಿಂದ ಡಿಸೆಂಬರ್. ಅಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಬರೆಯುವ ತಮಿಳಿಗೂ ಆಡುವ ತಮಿಳಿಗೂ ಇರುವ ದೂರ. ಅನುವಾದಕರು ಕಾಗದದ ಮೇಲೆ ‘ಮೂಡಿ ವೈಯುಂಗಳ್’ ಎಂದು ಬರೆದು ಕಳುಹಿಸುತ್ತಾರೆ, ಮುಚ್ಚಿಡಿ ಎಂದರ್ಥ. ಪಾಟ್ಟಿ, ಅಂದರೆ ಅಜ್ಜಿ, ಮೊಮ್ಮಗನ ಬಳಿ ಹೀಗೆ ಮಾತನಾಡಿದರೆ ಸುದ್ದಿ ಓದಿದಂತಿರುತ್ತದೆ. ಮನೆಮಾತಿನಲ್ಲಿ, ಗೌರವದಿಂದ ಹೇಳುವಾಗಲೂ, ಅದು ‘ಮೂಡಿ ವೈಂಗ’. ತಮಿಳು ಬಾರದ ನಾವು ಬೆಂಗಳೂರಿನಲ್ಲಿ ಕುಳಿತು ಲಿಖಿತ ಪ್ರತಿಯನ್ನು ಒಪ್ಪಿಬಿಟ್ಟರೆ ಈ ತಪ್ಪು ಸ್ಟುಡಿಯೊ ತನಕ ಸಾಗುತ್ತದೆ. ಮರು ಅನುವಾದ ಮಾಡಿಸಿ ನೋಡಿದರೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಎರಡೂ ಕನ್ನಡಕ್ಕೆ ‘ಮುಚ್ಚಿಡಿ’ ಎಂದೇ ಮರಳುತ್ತವೆ. ಅರ್ಥ ಕೆಟ್ಟಿದೆಯೇ ಎಂಬುದಕ್ಕೆ ಮರು ಅನುವಾದ ಒಳ್ಳೆಯ ಜರಡಿ, ಧಾಟಿ ಕೆಟ್ಟಿದ್ದರೆ ಅದು ಹಿಡಿಯಲಾರದು. ಅನುವಾದಕರೇ ತಮ್ಮ ಮೊಬೈಲ್‌ನಲ್ಲಿ ಒಮ್ಮೆ ಓದಿ ಧ್ವನಿಮುದ್ರಿಸಿ ಕಳುಹಿಸಲಿ ಎಂದು ಕೇಳಿ. ಓದುವಾಗ ನಾಲಿಗೆ ತಡವರಿಸಿದ ಜಾಗವನ್ನು ಅವರೇ ತಿದ್ದಿಕೊಳ್ಳುತ್ತಾರೆ.

ಎರಡನೆಯ ತೊಡಕು ಮತ್ತೆ ನೀರಿನದೇ. ಚೆನ್ನೈನ ಅನೇಕ ಮನೆಗಳಲ್ಲಿ ‘ನಲ್ಲ ತಣ್ಣಿ’ ಬೇರೆ, ‘ಉಪ್ಪು ತಣ್ಣಿ’ ಬೇರೆ. ಮೊದಲನೆಯದು ಕುಡಿಯುವ ನೀರು, ಎರಡನೆಯದು ಬೋರಿನ ಸವುಳು ನೀರು. ತಿಳಿ ನೀರನ್ನು ‘ನಲ್ಲ ತಣ್ಣಿ’ ಎಂದು ಮಾಡಿದರೆ, ಬಳಕೆಗೆ ಇಟ್ಟ ಬೋರಿನ ನೀರಿಗೆ ಮುಚ್ಚಳ ಬೇಡವೆಂದು ಮನೆಯವರು ತಿಳಿಯಬಹುದು. ಅಲ್ಲಿ ನೀರಿನ ಗುಣವನ್ನು ಹೇಳಲು ಹೋಗದೆ, ‘ಡ್ರಮ್ ಯಾವುದೇ ಇರಲಿ, ಕೊಡ ಯಾವುದೇ ಇರಲಿ’ ಎಂದು ಪಾತ್ರೆಯ ಮೇಲೆ ಮಾತನ್ನು ನಿಲ್ಲಿಸುವುದು ಕ್ಷೇಮ.

ಸರ್ಕಲ್‌ಗಳ ಮಾತಿಗೆ ಬರುತ್ತೇನೆ. ಮೆಜೆಸ್ಟಿಕ್, ಚೆನ್ನಮ್ಮ ವೃತ್ತ, ಹಂಪನಕಟ್ಟೆ, ಟಿ. ನಗರ ಎಂದು ಊರಿಗೊಂದು ಹೆಸರು ತುರುಕಿದರೆ ಸ್ಥಳೀಯತೆ ಬಂದಿತು ಎಂದು ಗ್ರಾಹಕರು ಸಂತೋಷಪಡುತ್ತಾರೆ. ಡೆಂಗ್ಯೂ ವಿಷಯದಲ್ಲಿ ಇದು ಹಾನಿಯನ್ನೇ ಮಾಡಬಲ್ಲದು. ಈಡಿಸ್ ಸೊಳ್ಳೆ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದಿಲ್ಲ, ಅದರ ಓಡಾಟ ಒಂದೆರಡು ಬೀದಿಯೊಳಗೇ ಮುಗಿಯುತ್ತದೆ. ಊರಿನ ದೊಡ್ಡ ಗುರುತನ್ನು ಹೆಸರಿಸಿದ ಕೂಡಲೇ ಕೇಳುವವರು ಅಪಾಯವನ್ನು ಅಲ್ಲಿಗೆ ದೂಡಿ, ನಮ್ಮ ಬೀದಿಯಲ್ಲಿ ಇಲ್ಲವೆಂದು ನಿಶ್ಚಿಂತರಾಗುತ್ತಾರೆ. ಆ ಜಾಗದವರಿಗೆ ಸುಮ್ಮನೆ ಕಳಂಕ ಬೇರೆ. ಇಲ್ಲಿ ಬೇಕಾದ ಗುರುತು ‘ನಿಮ್ಮ ಬೀದಿ ಮೂಲೆಯ ಅಂಗಡಿ’ಯಷ್ಟು ಚಿಕ್ಕದು. ಸ್ಥಳದ ಹೆಸರು ಬೇಕಾಗುವುದು ಜನ ಎಲ್ಲಿಗಾದರೂ ಹೋಗಬೇಕಾದಾಗ, ಉದಾಹರಣೆಗೆ ರಕ್ತ ಪರೀಕ್ಷೆಯ ಶಿಬಿರಕ್ಕೆ. ಆಗ ಫಲಕದ ಮೇಲಿನ ಹೆಸರಿಗಿಂತ ಆಟೊದವರಿಗೆ ಹೇಳುವ ಹೆಸರನ್ನೇ ಬಳಸಬೇಕು. ಮಂಗಳೂರಿನಲ್ಲಿ ಅಂಬೇಡ್ಕರ್ ವೃತ್ತವನ್ನು ಜನ ಇಂದಿಗೂ ಜ್ಯೋತಿ ಎನ್ನುತ್ತಾರೆ, ಚೆನ್ನೈನ ಅಣ್ಣಾ ಸಾಲೈ ಹಲವರಿಗೆ ಈಗಲೂ ಮೌಂಟ್ ರೋಡ್. ಎರಡನ್ನೂ ಒಟ್ಟಿಗೆ ಹೇಳಲು ಎರಡು ಸೆಕೆಂಡು ಸಾಕು.

ಆವೃತ್ತಿ ಊರಿಗೆ ಕೂಡಿಬಂದಿದೆಯೇ ಎಂದು ತಿಳಿಯಲು ನಾನು ಕಂಡಂತೆ ಸರಳ ಪರೀಕ್ಷೆಯೊಂದಿದೆ. ಆ ಊರಿನ ಐದಾರು ಮಂದಿಗೆ, ಸ್ಟುಡಿಯೊದ ಸ್ಪೀಕರಿನಲ್ಲಿ ಅಲ್ಲ, ಸಾಧಾರಣ ಮೊಬೈಲಿನಲ್ಲಿ, ಒಂದೇ ಸಲ ಕೇಳಿಸಿ. ಚೆನ್ನಾಗಿದೆಯೇ ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ‘ಇದನ್ನು ಕೇಳಿ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ, ಯಾವಾಗ?’ ಎಂದು ಕೇಳಿ. ‘ಸ್ವಚ್ಛತೆ ಕಾಪಾಡುತ್ತೇವೆ’ ಎಂಬ ಉತ್ತರ ಬಂದರೆ ಸ್ಕ್ರಿಪ್ಟು ಸೋತಿದೆ. ‘ನಳ ಬರುವ ಹಿಂದಿನ ದಿನ ಬ್ಯಾರಲ್ ಉಜ್ಜುತ್ತೇವೆ’ ಎಂದರೆ ಗೆದ್ದಿದೆ. ಪಾತ್ರೆಯೂ ಹೊತ್ತೂ ಉತ್ತರದಲ್ಲಿ ತಾವಾಗಿ ಬರಬೇಕು.

ಎಷ್ಟು ಆವೃತ್ತಿ ಮಾಡಬೇಕೆಂಬುದಕ್ಕೂ ಮಿತಿ ಇದೆ. ಪ್ರತಿಯೊಂದಕ್ಕೂ ಬೇರೆ ಕಲಾವಿದರು, ಬೇರೆ ಒಪ್ಪಿಗೆ, ತಪ್ಪಾಗಲು ಬೇರೆ ಅವಕಾಶ. ಮಾತು, ಸದ್ದು, ಸಂಗೀತಗಳನ್ನು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಇಟ್ಟುಕೊಂಡರೆ ಖರ್ಚು ಸ್ವಲ್ಪ ಇಳಿಯುತ್ತದೆ, ಅಷ್ಟೇ. ರೂಢಿ ಒಂದೇ ಆಗಿರುವ ಊರುಗಳನ್ನು ಒಟ್ಟುಗೂಡಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ಕೂಲರ್ ಓಡಿಸಿ, ಮಳೆ ಬಂದಾಗ ಅದರ ತಳದ ನೀರನ್ನು ಮರೆತುಬಿಡುವ ಕಲಬುರಗಿಗೆ ಈ ಮೂಲದ ಡ್ರಮ್ಮಿಗಿಂತ ದೆಹಲಿಗಾಗಿ ಕೂಲರ್ ಬಗ್ಗೆ ಬರೆದ ಸ್ಕ್ರಿಪ್ಟು ಹತ್ತಿರವಾಗಬಹುದು, ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಇದ್ದರೂ.

ಭಾಷೆ ಒಂದೇ ಎಂದು ಒಟ್ಟುಗೂಡಿಸುವುದು ಮಾತ್ರ ಅಪಾಯದ ಕೆಲಸ. ಬೆಂಗಳೂರಿನಲ್ಲಿ ತಮಿಳು ಮನೆಮಾತಿನ ಕುಟುಂಬಗಳು ಬಹಳಷ್ಟಿವೆ. ಅವರಿಗಾಗಿ ತಮಿಳು ಸ್ಪಾಟು ಬೇಕು ಎಂದಾಗ, ಚೆನ್ನೈನದು ಸಿದ್ಧವಿದೆಯಲ್ಲ, ಅದನ್ನೇ ಹಾಕಿಬಿಡಿ ಎಂಬ ಸಲಹೆ ಸಹಜವಾಗಿ ಬರುತ್ತದೆ. ಆದರೆ ಹಲಸೂರಿನ ಮನೆಯಲ್ಲಿ ಬರುವುದು ಕಾವೇರಿ ನೀರು, ಅದು ತುಂಬುವುದು ನೆಲದಡಿಯ ಸಂಪ್‌ಗೆ, ಮಳೆ ಶುರುವಾಗುವುದು ಅಕ್ಟೋಬರ್‌ಗಿಂತ ಎಷ್ಟೋ ಮೊದಲು. ಆ ಮನೆಗೆ ಬೇಕಾದದ್ದು ಬೆಂಗಳೂರಿನ ಸ್ಕ್ರಿಪ್ಟು, ತಮಿಳಿನಲ್ಲಿ. ಚೆನ್ನೈನ ಧ್ವನಿಮುದ್ರಣದಿಂದ ಅಲ್ಲಿಗೆ ಹಾಗೆಯೇ ತೆಗೆದುಕೊಳ್ಳಬಹುದಾದದ್ದು ಪಾಟ್ಟಿಯ ಕರೆಯೊಂದೇ.